ತಮ್ಮ ಮನೆ, ತಮ್ಮನ ಮನೆ

ಎರಡು ವಾಕ್ಯ ಹೇಳುತ್ತೇನೆ, ಸ್ವಲ್ಪ ಕಿವಿಗೊಟ್ಟು ಕೇಳಿ. ‘ಮಾವ ತಮ್ಮ ಮನೆ ಮಾರಿದರು.’ ಇದು ಒಂದು. ‘ಮಾವ ತಮ್ಮನ ಮನೆ ಮಾರಿದರು.’ ಇದು ಇನ್ನೊಂದು. ಎರಡರ ನಡುವೆ ಇರುವ ವ್ಯತ್ಯಾಸ ಒಂದೇ ಒಂದು ‘ನ’. ಆದರೆ ಮೊದಲನೆಯದರಲ್ಲಿ ಮಾವ ಮಾರಿದ್ದು ಸ್ವಂತ ಮನೆ, ಯಾರೂ ಕೇಳುವ ಹಾಗಿಲ್ಲ. ಎರಡನೆಯದರಲ್ಲಿ ಮಾರಿದ್ದು ಒಡಹುಟ್ಟಿದವನ ಮನೆ. ಫೋನಿನಲ್ಲಿ ಈ ‘ನ’ ಸರಿಯಾಗಿ ಕೇಳಿಸದಿದ್ದರೆ ಊರಿನಲ್ಲಿ ಎರಡು ಮನೆಯವರು ಮಾತು ಬಿಡುವುದಕ್ಕೆ ಅಷ್ಟೇ ಸಾಕು.

ವ್ಯಾಕರಣದಲ್ಲಿ ಇದಕ್ಕೆ ಷಷ್ಠೀ ವಿಭಕ್ತಿ ಎನ್ನುತ್ತಾರೆ. ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ’ ಎಂದು ಬಾಯಿಪಾಠ ಮಾಡಿದವರಿಗೆ ಆರನೆಯದು ‘ಅ’ ಎಂಬುದು ನೆನಪಿರಬಹುದು. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲೂ ಈ ಪ್ರತ್ಯಯ ‘ಅ’ ಎಂದೇ ಇದೆ. ಇಷ್ಟು ಚಿಕ್ಕ ಪ್ರತ್ಯಯ ಹೊರನಾಡಿನ ನಮ್ಮ ಮಕ್ಕಳಿಗೆ ಯಾಕೆ ತೊಡಕಾಗುತ್ತದೆ ಎನ್ನುವುದು ಇವತ್ತಿನ ಮಾತು.

ಡೊಂಬಿವಿಲಿಯ ಒಂದು ಮನೆ ಅಂದುಕೊಳ್ಳಿ. ಎಂಟು ವರ್ಷದ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಟಕ್ಕೆ ಇಳಿದರೆ ಹಿಂದಿ. ಮನೆಯವರ ಬಗ್ಗೆ ಐದು ವಾಕ್ಯ ಹೇಳಮ್ಮಾ ಎಂದರೆ ಅವಳು ಹೀಗೆ ಹೇಳುತ್ತಾಳೆ: ‘ನನ್ನ ಒಬ್ಬಳು ಅಕ್ಕ ಇದ್ದಾಳೆ. ಅವನ ಕೂದಲು ಉದ್ದ. ಅಣ್ಣ ಸೈಕಲ್ ಕೆಂಪು. ನಾನು ತನ್ನ ಬ್ಯಾಗಿನಲ್ಲಿ ಡಬ್ಬಿ ಇಟ್ಟೆ. ಆ ಡಬ್ಬಿ ನನ್ನ.’

ನಗಬೇಡಿ. ಈ ಐದರಲ್ಲಿ ಒಂದೂ ಅಡ್ಡಾದಿಡ್ಡಿ ತಪ್ಪಲ್ಲ. ಪ್ರತಿಯೊಂದಕ್ಕೂ ಕಾರಣವಿದೆ.

ಎರಡನೆಯ ವಾಕ್ಯದಿಂದ ಶುರುಮಾಡೋಣ. ಅಕ್ಕನ ಕೂದಲನ್ನು ‘ಅವನ ಕೂದಲು’ ಎಂದಳು. ಅಕ್ಕ ಹೆಣ್ಣು ಎಂದು ಅವಳಿಗೆ ಗೊತ್ತಿಲ್ಲವೇ? ಗೊತ್ತಿದೆ, ‘ಇದ್ದಾಳೆ’ ಎಂದು ಅವಳೇ ಹೇಳಿದ್ದಾಳಲ್ಲ. ಆದರೆ ಹಿಂದಿಯಲ್ಲಿ ‘ಉಸ್ಕಾ ಭಾಯಿ, ಉಸ್ಕೀ ಬಹನ್’ ಎನ್ನುವಾಗ ‘ಕಾ’, ‘ಕೀ’ ಬದಲಾಗುವುದು ಭಾಯಿಯನ್ನೂ ಬಹನನ್ನೂ ನೋಡಿ. ‘ಉಸ್’ ಎನ್ನುವವರು ಗಂಡೋ ಹೆಣ್ಣೋ, ಆ ಮಾತಿನಲ್ಲಿ ತಿಳಿಯುವುದಿಲ್ಲ. ಕನ್ನಡದಲ್ಲಿ ಪೂರಾ ತಿರುಗುಮುರುಗು. ಅವನ ತಂಗಿ, ಅವನ ಅಣ್ಣ, ಅವನ ಮನೆ, ಅವನ ಚಪ್ಪಲಿ. ಮುಂದೆ ಏನೇ ಬರಲಿ, ‘ಅವನ’ ಅಲುಗುವುದಿಲ್ಲ. ಆದರೆ ಯಾರದು ಎನ್ನುವುದು ಬದಲಾದ ಕೂಡಲೇ ‘ಅವಳ ತಂಗಿ’, ‘ಅವರ ತಂಗಿ’, ‘ಅದರ ಬಾಲ’. ಹಿಂದಿಯ ಪ್ರತ್ಯಯ ವಸ್ತುವಿನ ಮುಖ ನೋಡುತ್ತದೆ, ಕನ್ನಡದ ಪ್ರತ್ಯಯ ಒಡೆಯನ ಮುಖ ನೋಡುತ್ತದೆ. ಮರಾಠಿ ಎರಡನ್ನೂ ನೋಡುತ್ತದೆ: ‘ತ್ಯಾಚೀ ಬಹೀಣ್’, ‘ತಿಚೀ ಬಹೀಣ್’. ಹಾಗಾಗಿ ಮರಾಠಿ ಚೆನ್ನಾಗಿ ಬರುವ ಮಗುವಿಗೆ ‘ತಿಚೀ ಅಂದರೆ ಅವಳ, ತ್ಯಾಚೀ ಅಂದರೆ ಅವನ’ ಎಂದು ಒಮ್ಮೆ ಹೇಳಿಕೊಟ್ಟರೆ ಬೇಗ ಹಿಡಿಯುತ್ತದೆ. ದಿಲ್ಲಿಯ ಮಗುವಿಗೆ ಆ ಅನುಕೂಲ ಇಲ್ಲ, ಹೆಚ್ಚು ಸಲ ಕೇಳಿಸಬೇಕು. ಅಜ್ಜಿಗೆ ಫೋನು ಮಾಡಿ ‘ಅವನ ಮದುವೆ ನಿಕ್ಕಿ ಆಯಿತು’ ಎಂದು ಮಗು ಹೇಳಿದರೆ, ಅಕ್ಕನ ಮದುವೆಗೆ ಕಾದು ಕುಳಿತ ಅಜ್ಜಿ ‘ಯಾರದೇ ಮದುವೆ?’ ಎಂದು ಕೇಳುವುದು ಸಹಜವೇ.

ಇನ್ನು ‘ನಾನು ತನ್ನ ಬ್ಯಾಗಿನಲ್ಲಿ’. ಇದೂ ಹಿಂದಿಯ ‘ಅಪ್ನಾ’ ಮಾಡಿದ ಕೆಲಸ. ಆ ಭಾಷೆಯಲ್ಲಿ ನಾನಾಗಲಿ ನೀನಾಗಲಿ ಅವನಾಗಲಿ, ಸ್ವಂತದ್ದೆಲ್ಲ ‘ಅಪ್ನಾ’. ಕನ್ನಡದ ‘ತನ್ನ’ ನಮಗೂ ನಿಮಗೂ ಸಲ್ಲುವುದಿಲ್ಲ, ಅವನು, ಅವಳು, ಅದು ಎನ್ನುವ ಮೂರನೆಯವರಿಗೆ ಮಾತ್ರ. ನಾನು ನನ್ನ ಬ್ಯಾಗಿನಲ್ಲಿ ಇಟ್ಟೆ, ನೀನು ನಿನ್ನ ಬ್ಯಾಗಿನಲ್ಲಿ ಇಟ್ಟೆ, ಅಣ್ಣ ತನ್ನ ಬ್ಯಾಗಿನಲ್ಲಿ ಇಟ್ಟ.

ಇಂಗ್ಲಿಷು ಜಾಸ್ತಿ ಆಡುವ ಮಕ್ಕಳಲ್ಲಿ ಇದರ ಉಲ್ಟಾ ಕಾಣುತ್ತದೆ. ಅವರು ‘ತನ್ನ’ವನ್ನೇ ಬಿಟ್ಟು ಎಲ್ಲ ಕಡೆಯೂ ‘ಅವನ’ ಎನ್ನುತ್ತಾರೆ. ‘ಅಣ್ಣ ಅವನ ಸೈಕಲ್ ಮಾರಿದ’ ಎಂದರೆ ಯಾರ ಸೈಕಲ್? ತನ್ನದೋ, ಪಕ್ಕದ ಮನೆಯವನದೋ? ಆಡುಮಾತಿನಲ್ಲಿ ಸ್ವಂತದ್ದಕ್ಕೂ ‘ಅವನ’ ಎನ್ನುವವರು ಇದ್ದಾರೆ, ಅದನ್ನು ತಪ್ಪೆಂದು ಗದರಿಸಬೇಕಾಗಿಲ್ಲ. ಆದರೆ ‘ಅಣ್ಣ ತನ್ನ ಸೈಕಲ್ ಮಾರಿದ’ ಎಂದಾಗ ಅನುಮಾನಕ್ಕೆ ಎಡೆಯೇ ಇಲ್ಲ. ಈ ‘ತನ್ನ’ಕ್ಕೆ ಗೌರವ ಸೇರಿದರೆ ‘ತಮ್ಮ’: ಮಾವ ತಮ್ಮ ಮನೆ ಮಾರಿದರು. ಎದುರಿಗಿದ್ದವರನ್ನು ‘ತಮ್ಮ ಹೆಸರು?’ ಎಂದು ಕೇಳುವುದು ಇನ್ನೊಂದು ‘ತಮ್ಮ’. ಚಿಕ್ಕ ಸಹೋದರ ಮೂರನೆಯವನು, ಅವನ ವಸ್ತು ಹೇಳುವಾಗ ಮಾತ್ರ ‘ನ’ ಬರುತ್ತದೆ. ಗುರುತು ಅಷ್ಟೇ: ‘ತಮ್ಮನ’ ಎಂದು ಕೇಳಿಸಿದರೆ ಅಲ್ಲಿ ಒಬ್ಬ ಮನುಷ್ಯ ಇದ್ದಾನೆ.

ಈಗ ‘ಅಣ್ಣ ಸೈಕಲ್ ಕೆಂಪು’. ಇದಕ್ಕೆ ಹಿಂದಿಯೂ ಕಾರಣವಲ್ಲ, ಇಂಗ್ಲಿಷೂ ಅಲ್ಲ. ನಾವೇ ಕಾರಣ! ಮನೆಯಲ್ಲಿ ನಾವು ‘ಅಜ್ಜಿ ಮನೆ’, ‘ಅತ್ತೆ ಸೀರೆ’, ‘ತಂಗಿ ಲಂಗ’ ಎನ್ನುತ್ತೇವೆ. ಬರೆಯುವಾಗ ಅದು ಅಜ್ಜಿಯ, ಅತ್ತೆಯ, ತಂಗಿಯ. ಮಾತಿನಲ್ಲಿ ‘ಯ’ ಕರಗಿಹೋಗುತ್ತದೆ. ಮಗು ಅದನ್ನು ಕೇಳಿ, ಎರಡು ಶಬ್ದ ಪಕ್ಕಪಕ್ಕ ಇಟ್ಟರೆ ಸಾಕು ಎಂದು ತಿಳಿದು ‘ಅಣ್ಣ ಸೈಕಲ್’, ‘ಮಾಮ ಕಾರು’ ಎನ್ನುತ್ತದೆ. ಅದರ ತರ್ಕ ಸರಿಯೇ. ಆದರೆ ಹೀಗೆ ಕರಗುವುದು ಇ, ಎ ಕಾರಗಳಲ್ಲಿ ಮುಗಿಯುವ ಶಬ್ದಗಳಲ್ಲಿ. ‘ಅ’ದಲ್ಲಿ ಮುಗಿಯುವ ಅಣ್ಣ, ಅಪ್ಪ, ಮಾವ, ಅಜ್ಜ ಇವುಗಳಲ್ಲಿ ‘ನ’ ಬರಲೇಬೇಕು. ಎಷ್ಟೇ ಅವಸರದಲ್ಲಿ ಮಾತಾಡಿದರೂ ‘ಅಣ್ಣನ್ ಸೈಕಲ್’ ಎಂದು ಕೊನೆಯ ‘ಅ’ ಮಾತ್ರ ಬೀಳುತ್ತದೆ, ‘ನ್’ ನಿಲ್ಲುತ್ತದೆ.

ಇಲ್ಲೊಂದು ಸೊಗಸಿದೆ. ಅಣ್ಣ, ಬಣ್ಣ ಎರಡೂ ಒಂದೇ ಥರ ಕೇಳಿಸುತ್ತವೆ. ಆದರೆ ಅಣ್ಣನ ಅಂಗಿ, ಬಣ್ಣದ ಅಂಗಿ. ‘ಅ’ದಲ್ಲಿ ಮುಗಿಯುವುದು ಮನುಷ್ಯನಾದರೆ ‘ನ’, ವಸ್ತುವಾದರೆ ‘ದ’. ಅಪ್ಪನ ಕನ್ನಡಕ, ಕನ್ನಡಕದ ಗಾಜು. ಅಜ್ಜನ ಮರ, ಮರದ ಎಲೆ. ಕನ್ನಡ ಹೊಸದಾಗಿ ಕಲಿಯುವವರು ‘ಅಣ್ಣದ ಅಂಗಿ’ ಎಂದರೆ ಅಣ್ಣನನ್ನು ವಸ್ತುಗಳ ಸಾಲಿಗೆ ಸೇರಿಸಿದ ಹಾಗಾಯಿತು. ಇನ್ನು ಅಮ್ಮ, ಅಕ್ಕ ಹೆಂಗಸರಾದರೂ ಅಮ್ಮಳ, ಅಕ್ಕಳ ಎನ್ನುವುದಿಲ್ಲ, ಅಮ್ಮನ, ಅಕ್ಕನ ಎಂದೇ. ‘ಳ’ ಬರುವುದು ಅವಳು, ಮಗಳು ಎಂಬಂತೆ ಶಬ್ದದಲ್ಲೇ ‘ಳು’ ಇದ್ದಾಗ, ಮತ್ತು ಗೀತಾ, ಲತಾ ಎಂಬ ದೀರ್ಘದ ಹೆಸರುಗಳಿಗೆ: ಗೀತಾಳ ಮನೆ, ಲತಾಳ ಮಗ. ಆದರೆ ಶಾಂತಮ್ಮನಿಗೆ ಒಳಗೇ ಅಮ್ಮ ಇದ್ದಾಳೆ, ಆದ್ದರಿಂದ ಶಾಂತಮ್ಮನ ಮನೆ. ಊರು, ಕಾರು, ಬಸ್ಸುಗಳಿಗೆ ‘ಇನ’ ಸೇರುತ್ತದೆ, ಊರಿನ ದಾರಿ, ಬಸ್ಸಿನ ಟಿಕೆಟ್ಟು. ಇದರಲ್ಲಿ ಮಕ್ಕಳು ಅಷ್ಟಾಗಿ ಎಡವುವುದನ್ನು ನಾನು ಕಂಡಿಲ್ಲ.

ಕೊನೆಯ ವಾಕ್ಯ ‘ಆ ಡಬ್ಬಿ ನನ್ನ’. ‘ನನ್ನ’ ಎಂಬ ಶಬ್ದ ಒಂಟಿಯಾಗಿ ನಿಲ್ಲಲಾರದು, ಮುಂದೆ ಆಸರೆಗೆ ಒಂದು ಹೆಸರು ಬೇಕು. ನನ್ನ ಡಬ್ಬಿ, ನನ್ನ ಪೆನ್ನು. ಡಬ್ಬಿ ಮೊದಲೇ ಬಂದುಹೋಗಿದ್ದರೆ ಆ ಜಾಗದಲ್ಲಿ ‘ದು’ ಕೂರಬೇಕು: ಆ ಡಬ್ಬಿ ನನ್ನದು. ಅಮ್ಮನದು, ಅಜ್ಜಿಯದು, ಊರಿನದು. ಮಾತಿನಲ್ಲಿ ನಂದು, ನಿಂದು, ಅಮ್ಮಂದು, ಅಜ್ಜೀದು. ಹಲವು ಪೆನ್ನುಗಳಾದರೆ ಬರಹದಲ್ಲಿ ‘ನನ್ನವು’, ಮನುಷ್ಯರಾದರೆ ‘ನಮ್ಮವರು’. ‘ನಂದು’ ಎನ್ನುವುದು ಅಶುದ್ಧ ಎಂದು ಮಕ್ಕಳನ್ನು ತಿದ್ದುವ ಹಿರಿಯರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆಟಿಕೆಗೆ ಜಗಳವಾಡುವ ಮಗು ‘ನಂದು’ ಎಂದೇ ಕೂಗಬೇಕು, ‘ನನ್ನದು’ ಬರೆಯುವಾಗ ಬಂದರೆ ಸಾಕು.

ಮೊದಲನೆಯ ವಾಕ್ಯ ಉಳಿಯಿತು. ‘ನನ್ನ ಒಬ್ಬಳು ಅಕ್ಕ ಇದ್ದಾಳೆ.’ ಹಿಂದಿಯ ‘ಮೇರೀ ಏಕ್ ಬಹನ್ ಹೈ’ ಇಲ್ಲಿ ವೇಷ ಬದಲಿಸಿಕೊಂಡು ಬಂದಿದೆ. ಬಳಗದವರು ಇದ್ದಾರೆ ಎನ್ನುವಾಗ ಕನ್ನಡ ‘ನನಗೆ’ ಎನ್ನುತ್ತದೆ: ನನಗೆ ಒಬ್ಬಳು ಅಕ್ಕ ಇದ್ದಾಳೆ. ಕೈಯಲ್ಲಿರುವ ವಸ್ತುವಾದರೆ ‘ನನ್ನ ಹತ್ತಿರ’: ನನ್ನ ಹತ್ತಿರ ಎರಡು ಪೆನ್ನು ಇವೆ. ‘ನನ್ನ ಹತ್ತಿರ ಒಬ್ಬಳು ಅಕ್ಕ ಇದ್ದಾಳೆ’ ಎಂದರೆ ಅಕ್ಕ ಪಕ್ಕದಲ್ಲಿ ಕುಳಿತಿದ್ದಾಳೆ ಎಂದಾಗುತ್ತದೆ.

ಅಕ್ಕನ ವಿಷಯ ಬಂತು, ಇನ್ನೊಂದು ಮಾತು. ನಾವು ‘ನನ್ನ ಅಕ್ಕ’ ಎನ್ನುವುದಕ್ಕಿಂತ ‘ನಮ್ಮಕ್ಕ’ ಎನ್ನುವುದೇ ಹೆಚ್ಚು. ಒಬ್ಬನೇ ಮಗನಾದರೂ ‘ನಮ್ಮಮ್ಮ’, ‘ನಮ್ಮಪ್ಪ’, ‘ನಮ್ಮನೆ’, ‘ನಮ್ಮೂರು’. ಚಪ್ಪಲಿ, ಪೆನ್ನು, ಬಾಚಣಿಗೆ ಮಾತ್ರ ‘ನನ್ನ’. ಹಿರಿಯರು ಮತ್ತು ಮನೆ ಮನೆಮಂದಿಗೆಲ್ಲ ಸೇರಿದವರು ಎಂಬ ಲೆಕ್ಕ ಇದರಲ್ಲಿದೆ. ಇಲ್ಲಿ ಮರಾಠಿ, ತೆಲುಗು, ತಮಿಳಿನ ಗೆಳೆಯರಿಗೆ ಒಂದು ಗೊಂದಲವಾಗುತ್ತದೆ. ಅವರಲ್ಲಿ ಎರಡು ‘ನಮ್ಮ’ ಇವೆ. ಮರಾಠಿಯಲ್ಲಿ ‘ಆಮ್ಚಂ ಘರ್’ ಎಂದರೆ ಕೇಳುವವನನ್ನು ಬಿಟ್ಟು ನಮ್ಮದು, ‘ಆಪ್ಲಂ ಘರ್’ ಎಂದರೆ ಕೇಳುವವನನ್ನೂ ಸೇರಿಸಿ. ತೆಲುಗಿನಲ್ಲಿ ‘ಮಾ ಇಲ್ಲು, ಮನ ಇಲ್ಲು’, ತಮಿಳಿನಲ್ಲಿ ‘ಎಂಗ ವೀಡು, ನಮ್ಮ ವೀಡು’. ಕನ್ನಡಕ್ಕೆ ಒಂದೇ ‘ನಮ್ಮ’. ‘ನಮ್ಮ ಮನೆಗೆ ಬನ್ನಿ’ ಎಂದಾಗ ನೀವು ಹೊರಗಿನವರು, ‘ನಮ್ಮ ಮನೆಗೆ ಹೋಗೋಣ’ ಎಂದು ಮಗಳಿಗೆ ಹೇಳಿದಾಗ ಅವಳು ಒಳಗಿನವಳು. ಯಾರು ಸೇರಿದ್ದಾರೆ ಎಂದು ಮುಂದಿನ ಮಾತೇ ಹೇಳಬೇಕು.

ಇವತ್ತು ಊಟಕ್ಕೆ ಕುಳಿತಾಗ ಮಕ್ಕಳಿಗೆ ಮನೆಯ ಒಂದೊಂದು ವಸ್ತು ತೋರಿಸಿ ‘ಇದು ಯಾರದು?’ ಎಂದು ಕೇಳಿ. ಲೋಟ, ತಟ್ಟೆ, ಕನ್ನಡಕ, ಛತ್ರಿ. ‘ಅಜ್ಜನದು’ ಎಂದು ಉತ್ತರ ಬಂದರೆ, ‘ಹೌದು, ಅಜ್ಜನ ಕನ್ನಡಕ. ಅವರ ಕನ್ನಡಕ’ ಎಂದು ಎರಡು ಸಲ ತಿರುಗಿಸಿ ಹೇಳಿ. ‘ಅಜ್ಜ’ ಎಂದಷ್ಟೇ ಉತ್ತರ ಬಂದರೆ ತಿದ್ದಲು ಹೋಗಬೇಡಿ. ‘ಓಹೋ, ಅಜ್ಜನದಾ?’ ಎಂದು ‘ನ’ವನ್ನು ಸ್ವಲ್ಪ ಒತ್ತಿ ಕೇಳಿ, ಮುಂದಿನ ವಸ್ತು ತೋರಿಸಿ.