ಹೊಸ ದುಡ್ಡಿಗೆ ಹೊಸ ಪಾಸ್‌ಬುಕ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ನನಗೆ ಹೇಳಿದ್ದರು. ಆದರೆ ನಾನು ಇವತ್ತು ಮಾತಾಡುವುದು ಸಂಬಳದ ಬಗ್ಗೆ. ಇಲ್ಲಿ ಗಣಿತದಲ್ಲಿ ತೊಂಬತ್ತು ದಾಟಿದ್ದ ನಾನು ದುಡಿಯಲು ಶುರು ಮಾಡಿದ ಮೇಲೆ ಒಂದು ಸುಲಭದ ಲೆಕ್ಕದಲ್ಲಿ ತಪ್ಪಿದೆ. ಅದನ್ನು ತಿದ್ದಿದವನು ಇದೇ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವನು.

ಬಿ.ಇ. ಮುಗಿಸಿ ಬೆಂಗಳೂರಿಗೆ ಹೋದಾಗ ನನ್ನ ಕೈಗೆ ಬರುತ್ತಿದ್ದುದು ತಿಂಗಳಿಗೆ 25,000 ರೂಪಾಯಿ. ಪಿ.ಜಿ.ಯಲ್ಲಿದ್ದೆ. 22,500 ಖರ್ಚಾಗಿ 2,500 ಉಳಿಯುತ್ತಿತ್ತು. ಆರು ವರ್ಷಗಳಲ್ಲಿ ಸಂಬಳ 70,000 ಆಯಿತು. ಉಳಿತಾಯ ಎಷ್ಟಾಗಿರಬೇಕು? 5,000. ಅಂದರೆ ನೂರಕ್ಕೆ ಹತ್ತು ಉಳಿಸುತ್ತಿದ್ದವನು ಸಂಬಳ ಸುಮಾರು ಮೂರು ಪಟ್ಟಾದ ಮೇಲೆ ನೂರಕ್ಕೆ ಏಳು ಉಳಿಸುತ್ತಿದ್ದೆ.

ಹೆಚ್ಚಿದ 45,000 ಎಲ್ಲಿಗೆ ಹೋಯಿತು? ಜೂಜಾಡಲಿಲ್ಲ, ಕುಡಿಯಲಿಲ್ಲ. ಒಮ್ಮೆ ಸಂಬಳ ಏರಿದಾಗ ಪಿ.ಜಿ. ಬಿಟ್ಟು ಬಾಡಿಗೆ ಮನೆಗೆ ಹೋದೆ, ಅದಕ್ಕೆ 14,000 ಹೆಚ್ಚಾಯಿತು. ಇನ್ನೊಮ್ಮೆ ಏರಿದಾಗ ಕಾರು ತೆಗೆದುಕೊಂಡೆ, ಇ.ಎಂ.ಐ., ಪೆಟ್ರೋಲು, ವಿಮೆ ಎಲ್ಲ ಸೇರಿ 15,000. ಫೋನಿನ ಕಂತು 2,500. ಹೋಟೆಲು, ತಿರುಗಾಟ 6,000. ಮನೆಗೆ ಕಳಿಸುವುದನ್ನು 5,000 ಹೆಚ್ಚಿಸಿದೆ. ಒಟ್ಟು 42,500. ಇದರಲ್ಲಿ ಯಾವುದೂ ತಪ್ಪು ಖರ್ಚು ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಪ್ರತಿಯೊಂದೂ ಆ ವರ್ಷದ ಏರಿಕೆಯೊಳಗೆ ಹಿಡಿಸುತ್ತಿತ್ತು. ಆದರೆ ಅವೆಲ್ಲ ಒಂದು ಸಲದ ಖರ್ಚಲ್ಲ, ಪ್ರತಿ ತಿಂಗಳೂ ಬಾಗಿಲು ತಟ್ಟುವ ಖರ್ಚು. ಹೊಸ ಏರಿಕೆ ಬರುವ ಹೊತ್ತಿಗೆ ಹಳೆಯದು ಹೋಗುವ ದಾರಿ ಖಾಯಂ ಆಗಿರುತ್ತಿತ್ತು.

ಆಗ ಅಪ್ಪನಿಗೆ ಎದೆನೋವು ಬಂತು, ಸ್ಟೆಂಟ್ ಹಾಕಬೇಕೆಂದರು. ನನ್ನ ಖಾತೆಯಲ್ಲಿ ನಲವತ್ತು ಸಾವಿರವೂ ಇರಲಿಲ್ಲ. ನಮ್ಮೂರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ಮರುದಿನ ಮಧ್ಯಾಹ್ನ ಅವನು ಸುಮಾರು ಎಪ್ಪತ್ತು ಸಾವಿರ ತಂದು ಆಸ್ಪತ್ರೆಯಲ್ಲೇ ಕೊಟ್ಟ. ಅವನ ಸಂಬಳ ನನ್ನದರ ಕಾಲು ಭಾಗವೂ ಇರಲಿಲ್ಲ. ಹೆಸರು ಹೇಳಕೂಡದೆಂದು ತಾಕೀತು ಮಾಡಿದ್ದಾನೆ. ಅವನು ಈಗ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ.

ಅಪ್ಪ ಮನೆಗೆ ಬಂದ ಮೇಲೆ ಕೇಳಿದೆ, "ನಿನ್ನ ಹತ್ತಿರ ಅಷ್ಟು ದುಡ್ಡು ಹೇಗೆ ಬಂತೋ?" ಅವನು ಹೇಳಿದ, "ತಿಂಗಳಿಗೆ ಸಾವಿರದ ಹಾಗೆ ಪೋಸ್ಟಾಫೀಸಿನಲ್ಲಿ ಐದು ವರ್ಷದ ಆರ್.ಡಿ. ಕಟ್ಟಿದ್ದೆ, ಮುಗಿದಿತ್ತು. ಸಂಬಳ ಜಾಸ್ತಿ ಮಾಡಿದಾಗೆಲ್ಲ ಇನ್ನೊಂದು ಆರ್.ಡಿ. ಮಾಡ್ತೀನಿ ಕಣೋ. ಹೊಸ ದುಡ್ಡಿಗೆ ಹೊಸ ಪಾಸ್‌ಬುಕ್. ಕೈಗೆ ಬಂದು ರೂಢಿಯಾದ ಮೇಲೆ ಅದನ್ನು ತೆಗೆಯೋಕೆ ಆಗಲ್ಲ."

ಇದೇ ಮಾತನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಪ್ರಯೋಗ ಮಾಡಿ ತೋರಿಸಿದ್ದಾರೆಂದು ಆಮೇಲೆ ಓದಿದೆ. ಅಲ್ಲಿನ ಒಂದು ಕಾರ್ಖಾನೆಯ ನೌಕರರು, ಮುಂದೆ ಸಂಬಳ ಏರಿದಾಗಲೆಲ್ಲ ನಿವೃತ್ತಿ ಉಳಿತಾಯವೂ ತಾನಾಗಿ ಏರಲಿ ಎಂದು ಮೊದಲೇ ಒಪ್ಪಿಗೆ ಕೊಟ್ಟರು. ಹಾಗೆ ಸೇರಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಈ ಅಧ್ಯಯನ ಪ್ರಕಟವಾದದ್ದು 2004ರಲ್ಲಿ. 2017ರಲ್ಲಿ ಥೇಲರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕೈಗೆ ಇನ್ನೂ ಬಾರದ ದುಡ್ಡನ್ನು ಬಿಟ್ಟುಕೊಡುವುದು ನೋಯುವುದಿಲ್ಲ, ಗುಟ್ಟು ಅಷ್ಟೇ.

ನಾನು ಅವತ್ತಿನಿಂದ ಇಟ್ಟುಕೊಂಡ ನಿಯಮ ಒಂದೇ: ಪ್ರತಿ ಏರಿಕೆಯಲ್ಲಿ ಅರ್ಧ ಉಳಿತಾಯಕ್ಕೆ, ಅರ್ಧ ಮನೆಗೆ. ನನ್ನ ಲೆಕ್ಕವನ್ನೇ ಹೇಳುತ್ತೇನೆ, ಅಂಕಿ ದೊಡ್ಡದೆನಿಸಿದರೆ ಒಂದು ಸೊನ್ನೆ ತೆಗೆದು ಕೇಳಿ. ಸಂಬಳ 70,000ದಿಂದ 85,000 ಆದಾಗ ಏರಿದ್ದು 15,000. ಅದರಲ್ಲಿ 7,500 ಸೇರಿಸಿ ಉಳಿತಾಯ 12,500 ಆಯಿತು. ಆಮೇಲೆ ಒಂದು ಲಕ್ಷವಾದಾಗ ಉಳಿತಾಯ 20,000. ಒಂದು ಲಕ್ಷ ಇಪ್ಪತ್ತು ಸಾವಿರವಾದಾಗ 30,000. ನೂರಕ್ಕೆ ಏಳು ಇದ್ದದ್ದು ಸುಮಾರು ಹದಿನೈದು, ಇಪ್ಪತ್ತು, ಇಪ್ಪತ್ತೈದು ಆಯಿತು. ಇದಕ್ಕಾಗಿ ಯಾವ ಖರ್ಚನ್ನೂ ಕಡಿಮೆ ಮಾಡಲಿಲ್ಲ. ಮನೆಯ ಖರ್ಚು 65,000ದಿಂದ 90,000ಕ್ಕೆ ಏರಿತು. ಏರಿತು ನಿಜ, ಆದರೆ ಸಂಬಳಕ್ಕಿಂತ ನಿಧಾನವಾಗಿ ಏರಿತು.

ಅರ್ಧವೇ ಏಕೆ? ನಮ್ಮ ಅಂಕಪಟ್ಟಿ ನೆನಪಿಸಿಕೊಳ್ಳಿ. ಸರಾಸರಿ ನಲವತ್ತು ಇದ್ದವನು ಮುಂದಿನ ಪರೀಕ್ಷೆಯಲ್ಲಿ ಐವತ್ತು ತೆಗೆದರೆ ಸರಾಸರಿ ಏರುತ್ತದೆ, ಮೂವತ್ತು ತೆಗೆದರೆ ಇಳಿಯುತ್ತದೆ. ಉಳಿತಾಯವೂ ಹಾಗೆಯೇ. ಈಗ ಸಂಬಳದಲ್ಲಿ ನೂರಕ್ಕೆ ಎಷ್ಟು ಉಳಿಸುತ್ತಿದ್ದೀರೋ, ಏರಿಕೆಯಲ್ಲಿ ಅದಕ್ಕಿಂತ ಹೆಚ್ಚು ಪಾಲು ಉಳಿಸಬೇಕು. ಅರ್ಧ ಕಷ್ಟವಾದರೆ ಮೂರರಲ್ಲಿ ಒಂದು ಪಾಲಾದರೂ ಸರಿ, ಈಗಿನ ಪಾಲಿಗಿಂತ ಹೆಚ್ಚಿದ್ದರೆ ಸಾಕು.

ಇದರ ಫಲವನ್ನು ನಾನು ಇನ್ನೊಂದು ರೀತಿಯಲ್ಲೂ ಅಳೆಯುತ್ತೇನೆ. ಅಪ್ಪನಿಗೆ ಹುಷಾರು ತಪ್ಪಿದಾಗ ತಿಂಗಳ ಖರ್ಚು 65,000, ಉಳಿತಾಯ 5,000. ಕೆಲಸ ಹೋದರೆ ಒಂದು ತಿಂಗಳು ಮನೆ ನಡೆಸುವಷ್ಟು ದುಡ್ಡು ಕೂಡಿಡಲು ಹದಿಮೂರು ತಿಂಗಳು ದುಡಿಯಬೇಕಿತ್ತು. ಈಗ ಮೂರು ತಿಂಗಳು ಸಾಕು. ಖರ್ಚು ಏರಿದಾಗ ಉಳಿಯುವುದು ಕಡಿಮೆಯಾಗುವುದಷ್ಟೇ ಅಲ್ಲ, ಕಷ್ಟಕಾಲಕ್ಕೆ ಬೇಕಾಗುವ ಮೊತ್ತವೂ ಏರುತ್ತದೆ. ಎರಡೂ ಕಡೆಯಿಂದ ಪೆಟ್ಟು.

ಮಾಡುವ ವಿಧಾನ ಹೇಳುತ್ತೇನೆ. ಕಂಪನಿಯವರು ಪತ್ರದಲ್ಲಿ ಬರೆಯುವ ವರ್ಷದ ಮೊತ್ತವನ್ನು ನಂಬಬೇಡಿ. ಅದರಲ್ಲಿ ಪಿ.ಎಫ್., ಗ್ರಾಚ್ಯುಟಿ, ಬಂದರೂ ಬರಬಹುದಾದ ಬೋನಸ್ಸು ಎಲ್ಲ ಸೇರಿರುತ್ತವೆ. ಹಳೆಯ ತಿಂಗಳು ಖಾತೆಗೆ ಬಿದ್ದದ್ದೆಷ್ಟು, ಹೊಸ ತಿಂಗಳು ಬೀಳುವುದೆಷ್ಟು, ಆ ವ್ಯತ್ಯಾಸವೇ ಏರಿಕೆ. ಏರಿಕೆಯ ಪತ್ರ ಬಂದ ವಾರದಲ್ಲೇ ಆರ್.ಡಿ. ಇರಲಿ, ಎಸ್.ಐ.ಪಿ. ಇರಲಿ, ಸಂಬಳದ ಮರುದಿನವೇ ಖಾತೆಯಿಂದ ಕಟ್ಟಾಗುವಂತೆ ಬ್ಯಾಂಕಿಗೆ ಬರೆದುಕೊಡಿ. ಮೊದಲು ಆರು ತಿಂಗಳ ಖರ್ಚಿನಷ್ಟು ಬೇಕೆಂದಾಗ ಸಿಗುವ ಕಡೆ ಇರಲಿ, ಆಮೇಲೆ ದೂರದ ಉಳಿತಾಯ. ಹೊಸ ಇ.ಎಂ.ಐ. ಬೇಕಿದ್ದರೆ ಅದು ಮನೆಯ ಅರ್ಧದಲ್ಲಿ ಹಿಡಿಸಬೇಕು. ಮುಂದಿನ ವರ್ಷದ ಏರಿಕೆಯನ್ನು ನಂಬಿ ಈ ವರ್ಷ ಕಂತು ಹಾಕಿದರೆ ನಿಯಮ ಅಲ್ಲೇ ಮುರಿಯುತ್ತದೆ.

ಈ ನಿಯಮಕ್ಕೂ ಮಿತಿಯಿದೆ. ಶಿಕ್ಷಕರಿಗೆ ಬರುವ ತುಟ್ಟಿಭತ್ಯೆ ಬೆಲೆ ಏರಿದ್ದಕ್ಕೆ ಕೊಡುವ ದುಡ್ಡು, ಅದರಲ್ಲಿ ಅರ್ಧ ತೆಗೆದಿಡಲು ಆಗದಿರಬಹುದು. ಇನ್‌ಕ್ರಿಮೆಂಟು, ಬಡ್ತಿಯಿಂದ ಬರುವ ಏರಿಕೆಗೆ ನಿಯಮ ಹಾಕಿ. ಸಂಬಳ ಮನೆ ನಡೆಸಲೇ ಸಾಲದವರಿಗೆ ಮೊದಲ ಏರಿಕೆ ಪೂರ್ತಿ ಮನೆಗೇ ಬೇಕು, ಅದು ಆಡಂಬರವಲ್ಲ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷದ ಲೆಕ್ಕ ಇನ್ನೂ ಬೇರೆ. ಮುಂದಿನ ವರ್ಷ ಆ ಬೆಲೆ ಇರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಆ ದುಡ್ಡಿನಲ್ಲಿ ಸಾಲ ತೀರಿಸಬಹುದು, ಬೋರು ರಿಪೇರಿ ಮಾಡಿಸಬಹುದು, ಆದರೆ ಅದನ್ನು ನಂಬಿ ತಿಂಗಳ ಕಂತು ಕಟ್ಟಿಕೊಳ್ಳಬಾರದು.

ಗೆಳೆಯನ ಎಪ್ಪತ್ತು ಸಾವಿರ ತೀರಿಸಲು ನನಗೆ ಹತ್ತು ತಿಂಗಳು ಹಿಡಿಯಿತು. ಕೊನೆಯ ಕಂತು ಕೊಟ್ಟ ದಿನ ಅವನು ಎಣಿಸಲೂ ಇಲ್ಲ. "ಈಗ ಆ ಕಂತಿನ ದುಡ್ಡು ಎಲ್ಲಿ ಹೋಗುತ್ತೆ?" ಎಂದು ಕೇಳಿದ. ಮರುದಿನವೇ ಆ ಏಳು ಸಾವಿರಕ್ಕೆ ಒಂದು ಹೊಸ ಪಾಸ್‌ಬುಕ್ ಮಾಡಿಸಿದೆ. ಸಾಲ ತೀರಿದ ತಿಂಗಳೂ ಸಂಬಳ ಏರಿದ ತಿಂಗಳೇ ಎಂಬುದನ್ನು ಅವನಿಂದಲೇ ಕಲಿತೆ.