‘ಹೇಳಿದಷ್ಟು ಮಾಡಿದೆ’ ಎಂಬ ಮಾತಿಗೆ ಕಾನೂನಿನ ಉತ್ತರ



‘ಡಾಕ್ಟರು ಹೇಳಿದರು, ನಾನು ಕೊಟ್ಟೆ’ ಎಂಬ ಮಾತು ನರ್ಸ್ ಒಬ್ಬರನ್ನು ಎಷ್ಟರಮಟ್ಟಿಗೆ ಕಾಪಾಡುತ್ತದೆ ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಇದಕ್ಕೆ ಉತ್ತರವಿದೆ. ಟೈಫಾಯ್ಡ್ ಎಂದು ದಾಖಲಾಗಿದ್ದ ಮಗುವಿಗೆ ಲಾರಿಯಾಗೋ ಇಂಜೆಕ್ಷನ್ ತರುವಂತೆ ನರ್ಸ್ ತಂದೆಗೆ ಹೇಳಿದರು. ತಂದೆ ಹೊರಗಿನಿಂದ ಕೊಂಡು ತಂದರು. ನರ್ಸ್ ಅದನ್ನು ರಕ್ತನಾಳಕ್ಕೆ ಕೊಟ್ಟರು. ತಾಯಿಯ ಮಡಿಲಲ್ಲೇ ಮಗು ಕುಸಿಯಿತು. ಹೃದಯ ನಿಂತು, ಮೆದುಳಿಗೆ ಮತ್ತೆ ಸರಿಹೋಗದ ಹಾನಿಯಾಯಿತು. ಮಗುವಿಗೆ 12.5 ಲಕ್ಷ, ಹೆತ್ತವರಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಲಾರಿಯಾಗೋ ಎಂದರೆ ಕ್ಲೋರೋಕ್ವಿನ್, ಮಲೇರಿಯಾದ ಔಷಧ. ಪ್ರಮಾಣ ಹೆಚ್ಚಾಗಿ ಅಥವಾ ವೇಗವಾಗಿ ರಕ್ತನಾಳಕ್ಕೆ ಹೋದರೆ ರಕ್ತದೊತ್ತಡ ಕುಸಿದು ಹೃದಯ ನಿಲ್ಲಬಹುದು. ಕೇಸ್ ಶೀಟಿನಲ್ಲಿ ಟೈಫಾಯ್ಡ್, ಕೈಯಲ್ಲಿ ಮಲೇರಿಯಾದ ಔಷಧ: ತರಬೇತಿ ಪಡೆದ ಕಣ್ಣು ತಡೆದು ನಿಂತು ಕೇಳಬೇಕಾದ ಜಾಗ ಇದೇ. ಆದರೆ ಆ ನರ್ಸ್‌ಗೆ ಅರ್ಹತೆಯಾಗಲಿ, ನರ್ಸಿಂಗ್ ಕೌನ್ಸಿಲ್ ನೋಂದಣಿಯಾಗಲಿ ಇರಲಿಲ್ಲ. ಆ ಕೆಲಸವನ್ನು ಆಕೆಗೆ ಬಿಟ್ಟ ವೈದ್ಯರ ನಡತೆಯನ್ನೂ ನಿರ್ಲಕ್ಷ್ಯವೆಂದೇ ಪರಿಗಣಿಸಲಾಯಿತು. ಹೀಗೆ ವೃತ್ತಿಯ ವ್ಯಾಪ್ತಿಯನ್ನು ಅರ್ಹತೆ ಮತ್ತು ನೋಂದಣಿ ನಿರ್ಧರಿಸುತ್ತವೆ. ವೈದ್ಯರ ಆದೇಶ ಅದನ್ನು ಹಿಗ್ಗಿಸಲಾರದು.

ತಂದೆಯೇ ಔಷಧ ತಂದುಕೊಟ್ಟ ಮೇಲೆ ಅವರ ಒಪ್ಪಿಗೆ ಇದ್ದಂತಲ್ಲವೇ ಎಂದು ಕೇಳಬಹುದು. ಇಲ್ಲ. ಚೀಟಿ ಹಿಡಿದು ಔಷಧದಂಗಡಿಗೆ ಹೋದವರು ಆಸ್ಪತ್ರೆಯನ್ನು ನಂಬಿ ಹೋದವರು. ಅಪಾಯ ತಿಳಿದು ಒಪ್ಪಿದವರಲ್ಲ. 2008ರ ಸಮೀರಾ ಕೊಹ್ಲಿ ತೀರ್ಪು ಇದನ್ನೇ ಸ್ಪಷ್ಟಪಡಿಸಿತು: ಸಾಕಷ್ಟು ಮಾಹಿತಿ ಪಡೆದು ಕೊಟ್ಟದ್ದು ಮಾತ್ರ ಸಮ್ಮತಿ, ಅದೂ ಯಾವುದಕ್ಕೆ ಕೊಟ್ಟಿದ್ದಾರೋ ಅದಕ್ಕೆ ಮಾತ್ರ. ಇನ್ನು, ಎಚ್ಚರಿಕೆಯಿಲ್ಲದೆ ಮಾಡಿದ ಕೆಲಸಕ್ಕೆ ಯಾವ ಸಹಿಯೂ ರಕ್ಷಣೆಯಲ್ಲ.

ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ತುಂಬಿದ ವಾರ್ಡಿನಲ್ಲಿ ಒಬ್ಬರೇ ರಾತ್ರಿ ಪಾಳಿ ಮಾಡುವವರು ಪ್ರತಿ ಆದೇಶವನ್ನೂ ಪ್ರಶ್ನಿಸುತ್ತ ಕೂರಲು ಸಾಧ್ಯವೇ? ಪ್ರತಿಯೊಂದನ್ನೂ ಪ್ರಶ್ನಿಸಬೇಕೆಂದು ಕಾನೂನು ಕೇಳುವುದಿಲ್ಲ. ಅದೇ ಅರ್ಹತೆಯ, ಸಾಮಾನ್ಯ ಎಚ್ಚರದ ನರ್ಸ್ ಅನುಮಾನಪಡುತ್ತಿದ್ದ ಕಡೆ ನಿಲ್ಲಬೇಕೆನ್ನುತ್ತದೆ. ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆಯೂ ಹೊಣೆ ಎಂದು ಈ ಪ್ರಕರಣವೇ ತೋರಿಸಿದೆ. ಆದ್ದರಿಂದ ಜನ ಸಾಲದಿದ್ದರೆ ಮೇಲಿನವರಿಗೆ ಬರೆದು ತಿಳಿಸಿ. ಫೋನಿನಲ್ಲಿ ಬಂದ ಆದೇಶವನ್ನು ಬರೆದುಕೊಂಡು, ಓದಿ ಹೇಳಿ ಖಚಿತಪಡಿಸಿಕೊಂಡು, ಆಮೇಲೆ ವೈದ್ಯರ ಸಹಿ ಪಡೆಯಿರಿ. ಅನುಮಾನ ಬಂದಾಗ ಯಾರನ್ನು, ಎಷ್ಟು ಗಂಟೆಗೆ ಕೇಳಿದಿರಿ, ಏನು ಉತ್ತರ ಬಂತು ಎಂದು ನಮೂದಿಸಿ. ಆ ಒಂದು ಸಾಲು ನಾಳೆ ನಿಮ್ಮ ಪರ ಸಾಕ್ಷಿಯಾಗಬಹುದು. ಅದಕ್ಕೂ ಮೊದಲು, ಅದನ್ನು ಬರೆಯಲು ನೀವು ನಿಂತ ಕ್ಷಣದಲ್ಲಿ ಸಿರಿಂಜ್ ಮಗುವಿನ ಕೈಯಿಂದ ದೂರ ಉಳಿದಿರುತ್ತದೆ.