ಎರಡು ವರ್ಷ ಹದಿನೆಂಟು ತಿಂಗಳಾಗಿದ್ದು ಹೇಗೆ?

'ನಿವೃತ್ತಿ ವಯಸ್ಸು ಏರಿಕೆ' ಅಂದ್ರೆ ನಮ್ಮಲ್ಲಿ ಸರ್ಕಾರಿ ನೌಕರರ ಮನೇಲಿ ಖುಷಿ. 1998ರಲ್ಲಿ ಕೇಂದ್ರ ಸರ್ಕಾರ 58 ಇದ್ದಿದ್ದನ್ನು 60 ಮಾಡಿತು, ಅಂದ್ರೆ ಎರಡು ವರ್ಷ ಜಾಸ್ತಿ ಸಂಬಳ. ಆದ್ರೆ ಬ್ರಿಟನ್‌ನಲ್ಲಿ ಇದೇ ಮಾತಿಗೆ ಜನ ಸಿಟ್ಟಾಗ್ತಾರೆ. ಯಾಕಂದ್ರೆ ಅಲ್ಲಿ ಏರೋದು ಕೆಲಸ ಬಿಡೋ ವಯಸ್ಸಲ್ಲ, ಸರ್ಕಾರಿ ಪಿಂಚಣಿ ಶುರುವಾಗೋ ವಯಸ್ಸು. ಅಷ್ಟರೊಳಗೆ ಕೆಲಸ ಹೋದ್ರೆ ಆ ಕಡೆ ಸಂಬಳ ಇಲ್ಲ, ಈ ಕಡೆ ಪಿಂಚಣಿಯೂ ಇಲ್ಲ.

ಸರ್ಕಾರ ಯಾಕೆ ಹೀಗೆ ಮಾಡುತ್ತೆ? ಅಲ್ಲಿ ಇವತ್ತು ದುಡಿಯುವವರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಹಣದಿಂದಲೇ ಇವತ್ತಿನ ಹಿರಿಯರಿಗೆ ಪಿಂಚಣಿ ಹೋಗುತ್ತೆ. ಹಿರಿಯರು ಹೆಚ್ಚು ವರ್ಷ ಬದುಕ್ತಿದ್ದಾರೆ, ಖರ್ಚು ಬೆಳೀತಿದೆ. ಕಂತು ಏರಿಸಬೇಕು, ಪಿಂಚಣಿ ಇಳಿಸಬೇಕು, ಇಲ್ಲಾ ತಡವಾಗಿ ಕೊಡಬೇಕು. ತಡ ಮಾಡಿದ್ರೆ ಸರ್ಕಾರಕ್ಕೆ ಎರಡು ಲಾಭ: ಕೊಡೋದು ಕಡಿಮೆ, ಕೆಲಸದಲ್ಲಿ ಉಳಿದವರು ಕಂತು ಕಟ್ಟೋದು ಜಾಸ್ತಿ.

ಆಗ ನಿವೃತ್ತಿಗೆ ಹತ್ತಿರ ಇರೋರ ಗತಿ? 1995ರ ಕಾಯ್ದೆ ನೋಡಿ. ಗಂಡಸರಿಗೆ 65, ಹೆಂಗಸರಿಗೆ 60 ಇತ್ತು. ಸಮ ಮಾಡೋಣ ಅಂದ್ರು, ಆದ್ರೆ ತಕ್ಷಣ ಅಲ್ಲ. 2010ರಿಂದ 2020ರವರೆಗೆ ಮೆಟ್ಟಿಲು ಮೆಟ್ಟಿಲಾಗಿ. 1950ರ ಏಪ್ರಿಲ್ 6ಕ್ಕಿಂತ ಮೊದಲು ಹುಟ್ಟಿದವರಿಗೆ ಏನೂ ಬದಲಾಗಲಿಲ್ಲ. ಇದು ಮೊದಲ ರಕ್ಷಣೆ: ಹುಟ್ಟಿದ ದಿನಾಂಕದ ಗೆರೆ ಮತ್ತು ಹದಿನೈದು ವರ್ಷದ ಮುನ್ಸೂಚನೆ.

2011ರಲ್ಲಿ ವೇಗ ಹೆಚ್ಚಿಸಿ, ಎಲ್ಲರಿಗೂ 66 ಮಾಡೋಕೆ ಹೊರಟರು. 1954ರ ಮಾರ್ಚ್ 10ರಂದು ಹುಟ್ಟಿದ ಒಬ್ಬ ಮಹಿಳೆ ಇದ್ದಾರೆ ಅಂದ್ಕೊಳ್ಳಿ. ಹಳೇ ಲೆಕ್ಕದಲ್ಲಿ ಅವರ ಪಿಂಚಣಿ 2018ರ ಮಾರ್ಚ್‌ಗೆ. ಹೊಸ ಮಸೂದೆಯಲ್ಲಿ 2020ರ ಮಾರ್ಚ್‌ಗೆ. ಎರಡು ವರ್ಷ ಮುಂದಕ್ಕೆ, ತಯಾರಿಗೆ ಸಿಕ್ಕಿದ್ದು ಏಳೇ ವರ್ಷ. ವಿರೋಧ ಜೋರಾಯ್ತು. ಆ ಅಕ್ಟೋಬರ್‌ನಲ್ಲಿ ಸರ್ಕಾರ ಒಂದು ಮಿತಿ ಹಾಕ್ತು: ಯಾರಿಗೂ 18 ತಿಂಗಳಿಗಿಂತ ಹೆಚ್ಚು ತಡ ಆಗಬಾರದು. ಆಕೆಗೆ ಪಿಂಚಣಿ 2019ರ ಸೆಪ್ಟೆಂಬರ್‌ಗೆ ಬಂತು. ಇದು ಎರಡನೇ ರಕ್ಷಣೆ.

ಆದ್ರೆ ಎಡವಿದ್ದು ಎಲ್ಲಿ ಗೊತ್ತಾ? ತಿಳಿಸೋದ್ರಲ್ಲಿ. 1995ರ ಬದಲಾವಣೆಯೇ ಎಷ್ಟೋ ಹೆಂಗಸರಿಗೆ ಗೊತ್ತಿರಲಿಲ್ಲ. ಇಲಾಖೆ ಒಬ್ಬೊಬ್ಬರಿಗೂ ಪತ್ರ ಕಳಿಸೋದನ್ನು 28 ತಿಂಗಳು ತಡ ಮಾಡಿತು ಅಂತ 2024ರ ಮಾರ್ಚ್‌ನಲ್ಲಿ ಅಲ್ಲಿನ ಸಂಸದೀಯ ಒಂಬುಡ್ಸ್‌ಮನ್ ಹೇಳಿದರು. ಒಬ್ಬೊಬ್ಬರಿಗೆ 1,000ದಿಂದ 2,950 ಪೌಂಡ್ ಪರಿಹಾರ ಸೂಚಿಸಿದರು. ಡಿಸೆಂಬರ್‌ನಲ್ಲಿ ಸರ್ಕಾರ ಆಗಲ್ಲ ಅಂತು.

ಹಾಗಾಗಿ ಇಂಥ ಸುದ್ದಿ ಬಂದಾಗ 'ಎಷ್ಟು ವಯಸ್ಸು' ಅನ್ನೋದೊಂದೇ ಕೇಳಬೇಡಿ. ಯಾವ ದಿನಾಂಕದಿಂದ, ಒಬ್ಬರಿಗೆ ಹೆಚ್ಚೆಂದರೆ ಎಷ್ಟು ತಿಂಗಳು, ಪತ್ರ ಯಾವಾಗ ಕೈಗೆ ಬರುತ್ತೆ, ಇದನ್ನೂ ಕೇಳಿ. ಅರವತ್ತರ ಹತ್ತಿರ ಇರೋರ ಬದುಕು ನಿಂತಿರೋದು ಈ ಉತ್ತರಗಳ ಮೇಲೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.